ಠೇವಣಿ ಮುರಿಯದೆ ಎರಡು ತಿಂಗಳ ಕೈಗಡ

ಹೊಸದಾಗಿ ದುಬೈಗೆ ಬಂದ ಒಂದು ಕುಟುಂಬ ಎಂದುಕೊಳ್ಳಿ. ಮನೆಯಾಕೆಯ ಹೆಸರಿನಲ್ಲಿ ದಾವಣಗೆರೆಯಲ್ಲಿ ಶಾಲಾ ಸಮವಸ್ತ್ರ ಹೊಲಿಯುವ ಸಣ್ಣ ಘಟಕವಿದೆ, ತಮ್ಮ ನೋಡಿಕೊಳ್ಳುತ್ತಾನೆ. ಮೇ ತಿಂಗಳಲ್ಲಿ ಬಟ್ಟೆ ವ್ಯಾಪಾರಿಗೆ 4 ಲಕ್ಷ ಕೊಡಬೇಕು. ಶಾಲೆಗಳಿಂದ ಹಣ ಬರುವುದು ಶಾಲೆ ತೆರೆದ ಮೇಲೆಯೇ. ಊರಿನ ಬ್ಯಾಂಕಿನಲ್ಲಿ ಶೇ. 7ರ ಬಡ್ಡಿಯ, ಎರಡು ವರ್ಷದ, 10 ಲಕ್ಷದ ಎಫ್‌ಡಿ ಇದೆ. ಅದರಲ್ಲಿ ಒಂದು ವರ್ಷ ಕಳೆದಿದೆ.

ಮೊದಲು ಹೊಳೆಯುವುದು ಎಫ್‌ಡಿ ಮುರಿಸುವ ಯೋಚನೆ. ಹಾಗೆ ಮಾಡಿದರೆ ಬ್ಯಾಂಕು ಶೇ. 7 ಕೊಡುವುದಿಲ್ಲ. ಠೇವಣಿ ಇದ್ದಷ್ಟು ಅವಧಿಯ ದರ, ಶೇ. 6.5 ಎನ್ನೋಣ, ಅದರಲ್ಲೂ ದಂಡವೆಂದು ಶೇ. 1 ಕಡಿತ. ಸುಮಾರು 15,000 ರೂಪಾಯಿ ಅಲ್ಲಿಗೇ ಹೋಯಿತು.

ಓವರ್‌ಡ್ರಾಫ್ಟ್‌ನ ಲೆಕ್ಕ ಬೇರೆ. ಠೇವಣಿ ಬಡ್ಡಿ ಗಳಿಸುತ್ತಲೇ ಇರುತ್ತದೆ. ಸಾಮಾನ್ಯವಾಗಿ ಅದರ ಶೇ. 90ರವರೆಗೆ ಮಿತಿ ಸಿಗುತ್ತದೆ, ದರ ಎಫ್‌ಡಿಗಿಂತ ಒಂದೆರಡು ಶೇಕಡ ಹೆಚ್ಚು. 9 ಲಕ್ಷದ ಮಿತಿ ಸಿಕ್ಕರೂ ಬಡ್ಡಿ ಬೀಳುವುದು ತೆಗೆದ ಮೊತ್ತಕ್ಕೆ, ಇಟ್ಟುಕೊಂಡ ದಿನಗಳಿಗೆ ಮಾತ್ರ. ಶೇ. 8ರಂತೆ 4 ಲಕ್ಷವನ್ನು 30 ದಿನ ಬಳಸಿ, ಶಾಲೆಯೊಂದರಿಂದ ಬಂದ ಎರಡೂವರೆ ಲಕ್ಷ ಕಟ್ಟಿ, ಉಳಿದ ಒಂದೂವರೆ ಲಕ್ಷವನ್ನು ಇನ್ನೂ 30 ದಿನ ಇಟ್ಟುಕೊಂಡರೆ ಒಟ್ಟು ಬಡ್ಡಿ ಸುಮಾರು 3,600 ರೂಪಾಯಿ.

ಎಡವುವುದು ಬೇರೆ ಕಡೆ. ವಿದೇಶಕ್ಕೆ ಹೋಗಿ ಅನಿವಾಸಿಯಾದವರ ಊರಿನ ಖಾತೆ ಮತ್ತು ಠೇವಣಿ ಎನ್‌ಆರ್‌ಒ ಆಗಿ ಬದಲಾಗಬೇಕು. ಅರ್ಜಿ ಹಾಕಿದಾಗಲೇ ಇದು ನೆನಪಾದರೆ ಮೇ ತಿಂಗಳು ದಾಖಲೆ ಓಡಾಟದಲ್ಲೇ ಮುಗಿಯುತ್ತದೆ. ಎಫ್‌ಡಿ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿದ್ದರೆ ಇಬ್ಬರ ಸಹಿಯೂ ಬೇಕು. ತಮ್ಮನ ಕೈಲಿ ಮುಖ್ತ್ಯಾರ್‌ನಾಮೆ ಇದ್ದರೂ ಸಾಲಕ್ಕೆ ಅದು ಸಾಕೇ ಎಂದು ಶಾಖೆಯಲ್ಲಿ ಮೊದಲೇ ಕೇಳಬೇಕು. ತೆರಿಗೆ ಉಳಿತಾಯದ ಐದು ವರ್ಷದ ಎಫ್‌ಡಿ ಈ ಕೆಲಸಕ್ಕೆ ಬಾರದು, ಅದನ್ನು ಅಡವಿಡುವಂತಿಲ್ಲ.

ಅರ್ಜಿ ಉದ್ದವಿರಬೇಕಿಲ್ಲ. ಠೇವಣಿಯ ಸಂಖ್ಯೆ, ಬೇಕಾದ ಮಿತಿ, "ಸಮವಸ್ತ್ರದ ಬಟ್ಟೆ ಖರೀದಿಗೆ" ಎಂಬಂಥ ಸ್ಪಷ್ಟ ಕಾರಣ, ಮರುಪಾವತಿ ಎಲ್ಲಿಂದ, ಯಾವಾಗ ಎಂಬ ಎರಡು ಸಾಲು ಸಾಕು. ಕಾರಣಕ್ಕೆ ಬೆಲೆಯಿದೆ: ಅನಿವಾಸಿ ಠೇವಣಿಯ ಮೇಲಿನ ಸಾಲವನ್ನು ಮರುಸಾಲ ಕೊಡಲು, ಕೃಷಿ ಅಥವಾ ತೋಟಗಾರಿಕೆಗೆ, ರಿಯಲ್ ಎಸ್ಟೇಟ್ ವ್ಯವಹಾರಕ್ಕೆ ಬಳಸುವಂತಿಲ್ಲ. ಠೇವಣಿ ಎಂದು ಮುಗಿಯುತ್ತದೆ ಎಂಬುದನ್ನೂ ನೋಡಿಕೊಳ್ಳಬೇಕು. ಸಾಲ ಬಾಕಿಯಿದ್ದರೆ ಬ್ಯಾಂಕು ಅವಧಿ ಮುಗಿದ ಮೊತ್ತದಿಂದಲೇ ಅದನ್ನು ಹಿಡಿದುಕೊಳ್ಳಬಹುದು.

ಹಣ ಬೇಕಾದದ್ದು ದಾವಣಗೆರೆಗಲ್ಲ, ದುಬೈನಲ್ಲೇ ತೆರೆದ ಅಂಗಡಿಗೆ ಎಂದಾದರೆ ಈ ದಾರಿ ಮುಚ್ಚಿದೆ. ಭಾರತದಲ್ಲಿ ಪಡೆದ ಈ ರೂಪಾಯಿ ಸಾಲವನ್ನು ಹೊರದೇಶಕ್ಕೆ ಕಳಿಸುವಂತಿಲ್ಲ.