ಟೈರಿನ ಅಳತೆ ಬದಲಾದಾಗ ವೇಗಮಾಪಕ ಎಷ್ಟು ತಪ್ಪುತ್ತದೆ?

ವೃತ್ತದ ಪರಿಧಿ ಮತ್ತು ಶೇಕಡಾ ಲೆಕ್ಕ ಎರಡೂ ಮುಗಿದ ಮೇಲೆ ಈ ಪಾಠವನ್ನು ತೆಗೆದುಕೊಳ್ಳುವುದು ಸೂಕ್ತ. ಪಾಠಕ್ಕೆ ಬೇಕಾದ ಉಪಕರಣಗಳು ಒಂದು ಅಳತೆ ಪಟ್ಟಿ, ಸೀಮೆಸುಣ್ಣ ಮತ್ತು ಶಾಲೆಯ ಬಳಿ ನಿಂತಿರುವ ಯಾವುದಾದರೊಂದು ಕಾರು. ಆರಂಭಿಸುವ ಮೊದಲು ಪದಗಳನ್ನು ಖಚಿತಪಡಿಸಿಕೊಳ್ಳಬೇಕು. ಮಕ್ಕಳು ಸಾಮಾನ್ಯವಾಗಿ ಇಡೀ ಚಕ್ರವನ್ನೇ ಗಾಲಿ ಎಂದೋ ಟೈರು ಎಂದೋ ಕರೆಯುತ್ತಾರೆ. ಇಲ್ಲಿ ಲೋಹದ ಭಾಗ ರಿಮ್ಮು, ಅದರ ಮೇಲೆ ಕೂರುವ ರಬ್ಬರಿನ ಭಾಗ ಟೈರು, ಎರಡೂ ಸೇರಿದರೆ ಚಕ್ರ.

ಟೈರಿನ ಪಕ್ಕದಲ್ಲಿ ಉಬ್ಬಿಸಿ ಬರೆದಿರುವ ಸಂಖ್ಯೆಗಳನ್ನು ವಿದ್ಯಾರ್ಥಿಗಳಿಂದಲೇ ಓದಿಸಿರಿ. ಮಾರುತಿ ಸ್ವಿಫ್ಟ್ ಕಾರಿನ ಕೆಳದರ್ಜೆಯ ಮಾದರಿಗಳಲ್ಲಿ ಕಾಣುವ 165/80 R14 ಎಂಬುದನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. 165 ಎಂಬುದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 14 ಎಂಬುದು ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. R ಅಕ್ಷರವು ಟೈರು ರೇಡಿಯಲ್ ಬಗೆಯದೆಂದು ತಿಳಿಸುತ್ತದೆಯೇ ಹೊರತು ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ತ್ರಿಜ್ಯವೆಂದು ತಿಳಿಯುವ ವಿದ್ಯಾರ್ಥಿ ಪ್ರತಿ ತರಗತಿಯಲ್ಲೂ ಒಬ್ಬನಾದರೂ ಇರುತ್ತಾನೆ.

ಎಡವುವುದು 80ರಲ್ಲಿ. ಇದು ಮಿಲಿಮೀಟರೂ ಅಲ್ಲ, ಅಂಗುಲವೂ ಅಲ್ಲ, ಇದು ಶೇಕಡಾ. ರಿಮ್ಮಿನ ಅಂಚಿನಿಂದ ನೆಲದವರೆಗಿನ ರಬ್ಬರಿನ ಎತ್ತರವು ಟೈರಿನ ಅಗಲದ ಶೇಕಡಾ 80ರಷ್ಟಿದೆ ಎಂಬುದು ಅದರ ಅರ್ಥ. 165ರ ಶೇಕಡಾ 80 ಎಂದರೆ 132 ಮಿ.ಮೀ. ಈ ಎತ್ತರ ರಿಮ್ಮಿನ ಮೇಲೊಮ್ಮೆ, ಕೆಳಗೊಮ್ಮೆ ಬರುವುದರಿಂದ ಅದನ್ನು ಇಮ್ಮಡಿಸಬೇಕು. ಒಂದು ಅಂಗುಲ 25.4 ಮಿ.ಮೀ. ಆದ್ದರಿಂದ,

ವ್ಯಾಸ = (14 × 25.4) + (2 × 132) = 355.6 + 264 = 619.6 ಮಿ.ಮೀ.

ಈಗ ಸಮಸ್ಯೆಯನ್ನು ಮುಂದಿಡಿರಿ. ಒಬ್ಬ ಬಾಡಿಗೆ ಕಾರಿನ ಮಾಲೀಕರು ರಸ್ತೆಯ ಹಿಡಿತ ಹೆಚ್ಚಲೆಂದು ಅಗಲವಾದ ಟೈರು ಹಾಕಿಸಲು ಹೋಗುತ್ತಾರೆ. ಅಂಗಡಿಯಲ್ಲಿ 185/80 R14 ಸಿಗುತ್ತದೆ. "ರಿಮ್ಮು ಅದೇ, 80 ಕೂಡ ಅದೇ. ಅಗಲ ಮಾತ್ರ ಹೆಚ್ಚು, ಎತ್ತರ ಬದಲಾಗದು" ಎಂಬ ಮಾತನ್ನು ನಂಬಿ ನಾಲ್ಕನ್ನೂ ಹಾಕಿಸುತ್ತಾರೆ. ಈ ಮಾತು ಸರಿಯೇ ಎಂದು ತರಗತಿಯನ್ನು ಕೇಳಿ, ಉತ್ತರಕ್ಕಾಗಿ ಸ್ವಲ್ಪ ಕಾಯಿರಿ. ಬಹುಮಂದಿ ಹೌದೆನ್ನುತ್ತಾರೆ. ಆದರೆ 185ರ ಶೇಕಡಾ 80 ಎಂದರೆ 148. ಹೊಸ ವ್ಯಾಸ 355.6 + 296 = 651.6 ಮಿ.ಮೀ. ಶೇಕಡಾ ಬದಲಾಗಲಿಲ್ಲ, ಅದು ಯಾವುದರ ಶೇಕಡಾವೋ ಅದು ಬದಲಾಯಿತು.

ಇದರಿಂದ ವೇಗಮಾಪಕಕ್ಕೆ ಏನಾಗುತ್ತದೆ? ವೇಗಮಾಪಕವು ರಸ್ತೆಯನ್ನು ನೋಡುವುದಿಲ್ಲ. ಅದು ಚಕ್ರದ ಸುತ್ತುಗಳನ್ನು ಮಾತ್ರ ಎಣಿಸುತ್ತದೆ. ಹಳೆಯ ಟೈರಿನ ಪರಿಧಿ ಸುಮಾರು 1.947 ಮೀಟರು, ಒಂದು ಕಿಲೋಮೀಟರಿಗೆ ಅದು ಸುಮಾರು 514 ಸುತ್ತು ಹಾಕಬೇಕು. ಮಾಪಕವನ್ನು ಹೊಂದಿಸಿರುವುದು ಈ 514ಕ್ಕೆ. ಹೊಸ ಟೈರಿನ ಪರಿಧಿ ಸುಮಾರು 2.047 ಮೀಟರು. ಅದು 514 ಸುತ್ತು ಮುಗಿಸುವಾಗ ಕಾರು ಸುಮಾರು 1052 ಮೀಟರು ಸಾಗಿರುತ್ತದೆ, ಮಾಪಕವಾದರೋ ಒಂದೇ ಕಿಲೋಮೀಟರೆಂದು ದಾಖಲಿಸುತ್ತದೆ. ಟೈರು ದೊಡ್ಡದಾದರೆ ಮಾಪಕ ಕಡಿಮೆ ತೋರಿಸುತ್ತದೆ, ಚಿಕ್ಕದಾದರೆ ಹೆಚ್ಚು. ಈ ದಿಕ್ಕು ಮನಸ್ಸಿಗೆ ಇಳಿದ ಮೇಲೆಯೇ ಸೂತ್ರವನ್ನು ಹಲಗೆಯ ಮೇಲೆ ಬರೆಯಿರಿ. ಸೂತ್ರವನ್ನು ಮೊದಲು ಕೊಟ್ಟರೆ ಅರ್ಧ ತರಗತಿ ಅದನ್ನು ತಿರುವುಮುರುವಾಗಿ ಬಳಸುತ್ತದೆ.

ಹೊಸ ಟೈರಿನಲ್ಲಿ ನಿಜ ವೇಗ = ತೋರಿದ ವೇಗ × (ಹೊಸ ವ್ಯಾಸ ÷ ಹಳೆಯ ವ್ಯಾಸ)

651.6 ÷ 619.6 = 1.0516. ಮಾಪಕ 80 ತೋರಿಸುವಾಗ ಕಾರಿನ ವೇಗ ಗಂಟೆಗೆ ಸುಮಾರು 84 ಕಿ.ಮೀ. ಮಿತಿ 80 ಇರುವ ರಸ್ತೆಯಲ್ಲಿ ಮುಳ್ಳನ್ನು 80ರಲ್ಲೇ ನಿಲ್ಲಿಸಿದ ಚಾಲಕರು ತಮಗರಿವಿಲ್ಲದೆ ಮಿತಿ ಮೀರುತ್ತಾರೆ. ತಿರುಗಿಸಿ ಕೇಳಿರಿ: ಕಾರು ನಿಜವಾಗಿ 80ರಲ್ಲಿದ್ದರೆ ಮಾಪಕ ಎಷ್ಟು ತೋರಿಸುತ್ತದೆ? ಈಗ ಭಾಗಿಸಬೇಕು, ಉತ್ತರ ಸುಮಾರು 76.1. ಕಡಿತ ಶೇಕಡಾ 4.9 ಮಾತ್ರ, 5.2 ಅಲ್ಲ. ಒಂದೇ ವ್ಯತ್ಯಾಸಕ್ಕೆ ಎರಡು ಶೇಕಡಾಗಳು ಬರುವುದೇಕೆಂದು ವಿದ್ಯಾರ್ಥಿಗಳು ವಿವರಿಸಬಲ್ಲರಾದರೆ ಆಧಾರಸಂಖ್ಯೆಯ ಪಾಠ ಅವರಿಗೆ ಅರ್ಥವಾಗಿದೆ ಎಂದು ತಿಳಿಯಬಹುದು.

ಮಾಲೀಕರಿಗೆ ಇನ್ನೊಂದು ಗೊಂದಲ ಕಾದಿರುತ್ತದೆ. ಮೊದಲು 50 ಲೀಟರು ಪೆಟ್ರೋಲಿಗೆ ಕಾರು 1000 ಕಿ.ಮೀ. ಓಡುತ್ತಿತ್ತು, ಈಗ ದೂರಮಾಪಕ 950 ಮಾತ್ರ ತೋರಿಸುತ್ತಿದೆ. ಮೈಲೇಜು 20ರಿಂದ 19ಕ್ಕೆ ಇಳಿಯಿತೆಂದು ಅವರು ಟೈರನ್ನು ದೂರುತ್ತಾರೆ. ಆದರೆ 950 × 1.0516 = 999. ಕಾರು ಓಡಿದ ದೂರ ಹೆಚ್ಚುಕಡಿಮೆ ಮೊದಲಿನಷ್ಟೇ. ಬಾಡಿಗೆಯನ್ನು ಕಿಲೋಮೀಟರಿನ ಲೆಕ್ಕದಲ್ಲಿ ಪಡೆಯುವವರಾದರೆ ನಷ್ಟ ಅವರದೇ: ಬಿಲ್ಲಿನ ಪ್ರತಿ ನೂರು ಕಿಲೋಮೀಟರಿಗೆ ಐದು ಕಿಲೋಮೀಟರು ಉಚಿತ.

ಹಾಗಾದರೆ ಅಗಲವಾದ ಟೈರು ಹಾಕಲೇಬಾರದೇ? ಸ್ವಿಫ್ಟ್ ಕಾರಿನ ಮೇಲ್ದರ್ಜೆಯ ಮಾದರಿಗಳಿಗೆ 185/65 R15 ಬರುತ್ತದೆ. ಅದನ್ನು ವಿದ್ಯಾರ್ಥಿಗಳೇ ಲೆಕ್ಕ ಹಾಕಲಿ: 381 + (2 × 120.25) = 621.5 ಮಿ.ಮೀ. ಮೂಲದೊಡನೆ ವ್ಯತ್ಯಾಸ ಶೇಕಡಾ 0.3, ಮಾಪಕ 80 ತೋರಿಸುವಾಗ ನಿಜ ವೇಗ 80.2. ಅಗಲ ಹೆಚ್ಚಿತು, ರಿಮ್ಮು ದೊಡ್ಡದಾಯಿತು, ಆದರೆ ಶೇಕಡಾವನ್ನು 80ರಿಂದ 65ಕ್ಕೆ ಇಳಿಸಿ ಹೊರವ್ಯಾಸವನ್ನು ಉಳಿಸಿಕೊಳ್ಳಲಾಗಿದೆ.

ಈ ಲೆಕ್ಕದ ಮಿತಿಯನ್ನು ಹೇಳದೆ ಪಾಠ ಮುಗಿಸಬಾರದು. ಲೆಕ್ಕವು ಕೊಡುವುದು ಮೂಲ ಟೈರಿಗೆ ಹೋಲಿಸಿದಾಗಿನ ಬದಲಾವಣೆಯನ್ನು ಮಾತ್ರ. ಮೂಲ ಮಾಪಕವೇ ಸರಿಯಿತ್ತೆಂದು ಅದು ಹೇಳುವುದಿಲ್ಲ. ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ 39ನೆಯದರ ಪ್ರಕಾರ ಮಾಪಕವು ನಿಜ ವೇಗಕ್ಕಿಂತ ಕಡಿಮೆ ತೋರಿಸಕೂಡದು; ಹೆಚ್ಚು ತೋರಿಸುವುದಾದರೆ ಆ ಹೆಚ್ಚಳ ನಿಜ ವೇಗದ ಹತ್ತನೆಯ ಒಂದು ಭಾಗಕ್ಕೆ 4 ಕಿ.ಮೀ. ಕೂಡಿಸಿದಷ್ಟನ್ನು ಮೀರಬಾರದು. ಆದ್ದರಿಂದ ತಯಾರಕರು ಮಾಪಕವನ್ನು ತುಸು ಹೆಚ್ಚು ತೋರಿಸುವಂತೆಯೇ ಹೊಂದಿಸುತ್ತಾರೆ. ನಮ್ಮ ಕಾರು ಮೊದಲು 76ರಲ್ಲಿ ಓಡುವಾಗ 80 ತೋರಿಸುತ್ತಿದ್ದರೆ, ದೊಡ್ಡ ಟೈರು ಹಾಕಿದ ಮೇಲೆ 80 ಎಂದು ತೋರಿಸುವಾಗ ನಿಜ ವೇಗ 79.9 ಆಗಿರುತ್ತದೆ. ಒಂದು ತಪ್ಪು ಇನ್ನೊಂದನ್ನು ನುಂಗಿತು. ಇದು ಅದೃಷ್ಟವೇ ಹೊರತು ಟೈರಿನ ಆಯ್ಕೆಗೆ ಸಮರ್ಥನೆಯಲ್ಲ. ತ್ರಿಜ್ಯ 16 ಮಿ.ಮೀ. ಹೆಚ್ಚಿರುವುದರಿಂದ ಸ್ಟೀರಿಂಗನ್ನು ಪೂರ್ತಿ ತಿರುಗಿಸಿದಾಗ ಟೈರು ಮಡ್‌ಗಾರ್ಡಿನ ಒಳಭಾಗಕ್ಕೆ ಉಜ್ಜುವ ಸಂಭವವೂ ಇದೆ.

ಸವೆತವೂ ಲೆಕ್ಕಕ್ಕೆ ಸೇರುತ್ತದೆ. ಟೈರಿನ ಮೇಲ್ಮೈ 6 ಮಿ.ಮೀ. ಸವೆದರೆ ವ್ಯಾಸ 12 ಮಿ.ಮೀ. ಕುಗ್ಗುತ್ತದೆ, ಇದು ಮೂಲದ ಶೇಕಡಾ 2ರಷ್ಟು. ಟೈರಿನ ಮೇಲಿನ ಸಂಖ್ಯೆ ಮಾತ್ರ ಬದಲಾಗಿರುವುದಿಲ್ಲ.

ಆದಕಾರಣ ಕೊನೆಯ ಅವಧಿಯನ್ನು ಅಂಗಳದಲ್ಲಿ ಕಳೆಯಿರಿ. ಟೈರು ನೆಲ ಮುಟ್ಟುವಲ್ಲಿ ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗುರುತು ಹಾಕಿ, ಚಾಲಕರಿಂದ ಕಾರನ್ನು ನಿಧಾನವಾಗಿ ನೇರಕ್ಕೆ ಸಾಗಿಸಿ, ಮೂರು ಸುತ್ತು ಮುಗಿದಾಗ ದೂರವನ್ನು ಅಳೆದು ಮೂರರಿಂದ ಭಾಗಿಸಿರಿ. ಉತ್ತರವು ಪುಸ್ತಕದ ಪರಿಧಿಗಿಂತ ಸ್ವಲ್ಪ ಕಡಿಮೆ ಬರುತ್ತದೆ. ಮಕ್ಕಳು ತಮ್ಮ ಅಳತೆಯೇ ತಪ್ಪೆಂದುಕೊಳ್ಳುತ್ತಾರೆ, ಹಾಗಲ್ಲ. ಕಾರಿನ ಭಾರಕ್ಕೆ ಟೈರು ಕೆಳಗೆ ಚಪ್ಪಟೆಯಾಗುತ್ತದೆ. ಎರಡೂ ಟೈರುಗಳು ಬಹುಮಟ್ಟಿಗೆ ಒಂದೇ ಪ್ರಮಾಣದಲ್ಲಿ ಕುಗ್ಗುವುದರಿಂದ ಅನುಪಾತ ಮಾತ್ರ ಹಾಗೆಯೇ ಉಳಿಯುತ್ತದೆ. ಹೆದ್ದಾರಿಯಲ್ಲಿ ಪ್ರಯಾಣಿಸುವ ವಿದ್ಯಾರ್ಥಿಗಳು ಹತ್ತು ಕಿಲೋಮೀಟರು ಕಲ್ಲುಗಳ ನಡುವೆ ದೂರಮಾಪಕ ಎಷ್ಟು ಓಡಿತೆಂದು ಬರೆದು ತರಲಿ, 9.5 ಎಂದು ಬಂದಿದ್ದರೆ ಆ ವಾಹನದ ಟೈರಿನ ಸಂಖ್ಯೆಯನ್ನೂ, ಅದಕ್ಕೆ ತಯಾರಕರು ಸೂಚಿಸಿದ ಸಂಖ್ಯೆಯನ್ನೂ ಹೋಲಿಸಿ ನೋಡುವುದು ಮರುದಿನದ ಅಭ್ಯಾಸ.