ಗಾಜು ಅಸಲಿ, ಮುಚ್ಚಳ?

ಬಾಣಸವಾಡಿಯ ಓದುಗರೇ, ನೀವು ಕಳಿಸಿದ ವಿಸ್ಕಿ ಬಾಟಲಿಯ ಚಿತ್ರಗಳಲ್ಲಿ ಗಾಜು ಅಸಲಿಯೇ ಇದ್ದಂತಿದೆ. ಆದರೆ ಒಳಗಿನ ವಿಸ್ಕಿಯೂ ಅಸಲಿ ಎನ್ನಲಾಗದು. ನಕಲಿ ಮಾಡುವವರು ಗುಜರಿಯಿಂದ ಖಾಲಿ ಬಾಟಲಿ ಕೊಂಡು ತುಂಬುತ್ತಾರೆ. ತಳದಲ್ಲಿ ಉಬ್ಬಿರುವ ಅಂಕಿ ಸಾಮಾನ್ಯವಾಗಿ ಗಾಜಿನ ಅಚ್ಚಿನದು. ಅದು ಲೇಬಲ್ಲಿನ ಬ್ಯಾಚ್ ಸಂಖ್ಯೆಗೆ ಹೊಂದದಿದ್ದರೆ ಗಾಬರಿ ಬೇಡ.

ಗಾಬರಿಯಾಗಬೇಕಾದದ್ದು ಮುಚ್ಚಳ ನೋಡಿ. ಮೊದಲ ಸಲ ತಿರುಪಿದಾಗ ಮುರಿಯಬೇಕಾದ ಉಂಗುರದ ಕೊಂಡಿಗಳು ಆಗಲೇ ಮುರಿದಿವೆ. ಮುಚ್ಚಳದ ಅಬಕಾರಿ ಚೀಟಿಯ ಅಂಚಿನಲ್ಲಿ ಹೊಸ ಅಂಟು ಮೆತ್ತಿದೆ. ಲೇಬಲ್ಲಿನ ಸಣ್ಣಕ್ಷರಗಳೂ ಮಸುಕಾಗಿವೆ.

ಕುಡಿಯಬೇಡಿ. ಮೆಥನಾಲ್ ಬೆರೆತಿದ್ದರೆ ರುಚಿ, ವಾಸನೆಯಿಂದ ತಿಳಿಯದು. 1981ರ ಬೆಂಗಳೂರು ಕಳ್ಳಭಟ್ಟಿ ದುರಂತದಲ್ಲಿ 300ಕ್ಕೂ ಹೆಚ್ಚು ಜನ ಸತ್ತರು. ಯಾರಾದರೂ ಕುಡಿದಿದ್ದು, ಮರುದಿನ ಕಣ್ಣು ಮಂಜಾದರೂ ತಕ್ಷಣ ಆಸ್ಪತ್ರೆಗೆ ಹೋಗಲಿ. ಬಾಟಲಿಯನ್ನು ಚೆಲ್ಲದೆ, ಬಿಲ್ಲಿನ ಸಮೇತ ಅಬಕಾರಿ ಇಲಾಖೆಗೆ ಒಪ್ಪಿಸಿ.