ಕಾಣದ ಅಕ್ಷರ, ಸಿಗದ ‘ರ‍್ಯಾಂಕ್’

ಫಲಿತಾಂಶದ ಪುಟದಲ್ಲಿ ‘ರ‍್ಯಾಂಕ್’ ಕಣ್ಣೆದುರೇ ಇರುತ್ತದೆ; ಹುಡುಕಿದರೆ ಸಿಗುವುದಿಲ್ಲ. ರ, ಹಲಂತ (್), ಯ ಎಂದಷ್ಟೇ ಒತ್ತಿದರೆ ಅರ್ಕಾವತ್ತಿನ ‘ರ್ಯ’ ಮೂಡುತ್ತದೆ. ರ ಹಾಗೇ ಉಳಿದು ಯ ಒತ್ತಾಗಿ ಬರಬೇಕಾದರೆ, ರ ಆದ ಕೂಡಲೇ U+200D ಎಂಬ ಅಗಲವಿಲ್ಲದ ಜೋಡಕ ಬೇಕು. ಆಗ ಪದದಲ್ಲಿ 8 ಸಂಕೇತಗಳು, ಅದಿಲ್ಲದಿದ್ದರೆ 7. ಸಂಕೇತಗಳನ್ನೇ ಹೋಲಿಸುವ ಹುಡುಕಾಟಕ್ಕೆ ಇವೆರಡೂ ಬೇರೆ ಪದಗಳು. (‘ಸೂಲಿಬೆಲೆ’ಯಲ್ಲಿ ಒತ್ತಕ್ಷರವೇ ಇಲ್ಲ, ಈ ಕಾಟವೂ ಇಲ್ಲ.)

ಕಾಪಿ ಮಾಡುವಾಗ ಜೋಡಕ ಉದುರಿದರೆ ‘ರ್ಯಾಂಕ್’ ಆಗುತ್ತದೆ. ಓದಿ ಹೇಳುವ ತಂತ್ರಾಂಶ ಅಲ್ಲೇ ಪದವನ್ನು ತುಂಡರಿಸಿದರೆ, ಕಣ್ಣು ಕಾಣದ ಸಹಪಾಠಿಗೆ ಅರ್ಥವಾಗದ ಎರಡು ಚೂರು ಕೇಳಿಸುತ್ತವೆ.

ಹಾಗೆಂದು ಮೂಲದಲ್ಲೇ ಅಳಿಸಿದರೆ ಬರಹದ ರೂಪ ಕೆಡುತ್ತದೆ. ಹುಡುಕಲೆಂದು ಮಾಡಿಕೊಂಡ ಪ್ರತಿಯಲ್ಲಿ ಮತ್ತು ಹುಡುಕುವ ಪದದಲ್ಲಿ ಮಾತ್ರ ತೆಗೆಯಿರಿ:

```
t.replace("\u200d", "")
```